ಮಗಳಿಗೊಂದು ಪತ್ರ: ಪುಟ ಅಂದರೆ ಎಷ್ಟು?

ಮಡಿಕೇರಿ

ಪ್ರೀತಿಯ ಪುಟ್ಟಿ,

ವಿರಾಜಪೇಟೆ ಮೇಷ್ಟ್ರ ನೆನಪಿನ ಪುಸ್ತಕದ ಕರಡು ತಿದ್ದುವ ಕೆಲಸ ನಿನಗೆ ಬಂತು ಅಂತ ಓದಿ ಖುಷಿಯಾಯಿತು. ಪುಟಕ್ಕೆ 15 ರೂಪಾಯಿ, 180 ಪುಟ, ಒಟ್ಟು 2,700. ಒಪ್ಪಿಕೊಳ್ಳಲಾ ಅಂತ ಕೇಳಿದ್ದೀಯ. 15ರ ಬಗ್ಗೆ ನನ್ನ ತಕರಾರಿಲ್ಲ, ಹೊಸಬಳಿಗೆ ಅದು ನಡೆಯುತ್ತದೆ. ತಕರಾರು ಇರುವುದು 180ರ ಮೇಲೆ.

ನೀನು ಕಳಿಸಿದ ಫೈಲ್ ತೆರೆದು ನೋಡಿದೆ. ಎ4 ಹಾಳೆ, ಸಾಲುಗಳ ನಡುವೆ ಜಾಗವೇ ಇಲ್ಲ, ಅಂಚೂ ಕಡಿಮೆ. ಅಂಥ ಒಂದು ಪುಟದಲ್ಲಿ ಸುಮಾರು 420 ಪದ ಇವೆ. ಡೆಮಿ ಅಳತೆಯ ಪುಸ್ತಕದ ಪುಟದಲ್ಲಿ ಇದರ ಅರ್ಧದಷ್ಟೇ ಹಿಡಿಯುತ್ತದೆ. ಹಾಗಾಗಿ ನಾನು ಯಾವಾಗಲೂ 220 ಪದಕ್ಕೆ ಒಂದು ಪುಟ ಅಂತ ಲೆಕ್ಕ ಹಿಡಿಯುತ್ತೇನೆ. ಇದನ್ನು ಮೊದಲ ದಿನವೇ ಬರೆದು ಹೇಳಿಬಿಡುತ್ತೇನೆ. ಮೇಷ್ಟ್ರ ಫೈಲಿನಲ್ಲಿ ವರ್ಡ್ ಕೌಂಟ್ 75,600 ತೋರಿಸುತ್ತದೆ. 220ರಿಂದ ಭಾಗಿಸಿದರೆ 344 ಪುಟ. ಅದೇ 15 ರೂಪಾಯಿಗೆ 5,160 ಆಯಿತು. ದರ ಹೆಚ್ಚು ಮಾಡಲಿಲ್ಲ, ಅಳತೆ ಸರಿ ಮಾಡಿದೆವು ಅಷ್ಟೇ.

ಗಂಟೆಯ ಲೆಕ್ಕವನ್ನೂ ನೋಡು. ಕಣ್ಣು ನೆಟ್ಟು ಓದಿದರೆ ಗಂಟೆಗೆ ಪುಸ್ತಕದ 10 ಪುಟ ಆಗಬಹುದು. 344ಕ್ಕೆ 35 ಗಂಟೆ, ತಿದ್ದಿದ್ದನ್ನು ಇನ್ನೊಮ್ಮೆ ನೋಡಲು 8 ಗಂಟೆ. 43 ಗಂಟೆಗೆ 2,700 ಅಂದರೆ ಗಂಟೆಗೆ 63 ರೂಪಾಯಿ ಕೂಡ ಬೀಳುವುದಿಲ್ಲ. 5,160 ಆದರೆ 120. ಅದೂ ಏನು ದೊಡ್ಡದಲ್ಲ ಬಿಡು.

ಅಕ್ಷರ ಎಣಿಸಿ ದುಡ್ಡು ಕೊಡುತ್ತೇವೆ ಅಂತ ಕೆಲವರು ಅನ್ನುತ್ತಾರೆ. ಒಪ್ಪಬೇಡ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಒಂದು ಲೆಕ್ಕ ಬರುತ್ತದೆ, ಯೂನಿಕೋಡಿನಲ್ಲಿ ಇನ್ನೊಂದು. ಒತ್ತಕ್ಷರ, ಗುಣಿತ ಎಲ್ಲ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ಪದದ ಲೆಕ್ಕಕ್ಕೆ ಆ ತೊಂದರೆ ಇಲ್ಲ.

ದರ ಹೇಳುವ ಮೊದಲು ಐದು ಪುಟ ತಿದ್ದಿ ನೋಡು. ಮೊದಲ ಐದು ಬೇಡ, ಅವನ್ನು ಎಲ್ಲರೂ ಚೆನ್ನಾಗಿಯೇ ಬರೆದಿರುತ್ತಾರೆ. ನಡುವಿನಿಂದ ತೆಗೆದುಕೊ. ತಿದ್ದಿದ್ದು ಬರೀ ಕಾಗುಣಿತ, ಒತ್ತು, ಚಿಹ್ನೆ ಆದರೆ ಅದು ಕರಡು ತಿದ್ದುವ ಕೆಲಸ. ವಾಕ್ಯ ಒಡೆದು ಕಟ್ಟಬೇಕಾಯಿತು, ಒಂದೇ ಸಂಗತಿ ಎರಡು ಕಡೆ ಬಂದಿದೆ, ಇಸವಿ ತಾಳೆಯಾಗುವುದಿಲ್ಲ ಅಂದರೆ ಅದು ಸಂಪಾದನೆ. ಆಗ ಗಂಟೆಗೆ ನಾಲ್ಕು ಪುಟ ದಾಟುವುದಿಲ್ಲ. ನಾನು ಪುಟಕ್ಕೆ 40ಕ್ಕಿಂತ ಕಡಿಮೆಗೆ ಅದನ್ನು ಮುಟ್ಟುವುದಿಲ್ಲ. ಮೇಷ್ಟ್ರ ಭಾಷೆ ಅಚ್ಚುಕಟ್ಟಾಗಿದೆ, ನಿನ್ನದು ಕರಡು ತಿದ್ದುವ ಕೆಲಸವೇ. ಆದರೆ ಹೆಸರುಗಳ ಗೋಜಲು ಜಾಸ್ತಿ ಇದೆ, ಅಲ್ವಾ? ನಿನ್ನ ಹೊತ್ತೆಲ್ಲ ಹೋಗುವುದು ಅಲ್ಲೇ.

ಮೊದಲ ಇಪ್ಪತ್ತು ಪುಟದಲ್ಲೇ ವಿರಾಜಪೇಟೆ, ವೀರಾಜಪೇಟೆ ಎರಡೂ ಇವೆ. ಐನ್‌ಮನೆ, ಐನ್ ಮನೆ, ಐನ್ಮನೆ ಮೂರೂ ಇವೆ. ಕಾಲೇಜ್ ಒಂದು ಕಡೆ, ಕಾಲೇಜು ಇನ್ನೊಂದು ಕಡೆ. ಇವುಗಳಲ್ಲಿ ಹೆಚ್ಚಿನವು ತಪ್ಪಲ್ಲ. ಒಂದೇ ಪುಸ್ತಕದಲ್ಲಿ ಎಲ್ಲವೂ ಬಂದರೆ ಮಾತ್ರ ತಪ್ಪು. ಆದ್ದರಿಂದ ಓದುವಾಗಲೇ ತಿದ್ದಲು ಹೋಗಬೇಡ. ಒಂದು ನೋಟ್‌ಬುಕ್ ಇಟ್ಟುಕೊ. ಕಂಡ ರೂಪಗಳನ್ನೆಲ್ಲ ಅಕಾರಾದಿಯಾಗಿ ಬರೆ, ಪಕ್ಕದಲ್ಲಿ ಪುಟದ ಸಂಖ್ಯೆ ಹಾಕು. ಒಂದು ಸಲ ಪೂರ್ತಿ ಓದಿ ಮುಗಿದ ಮೇಲೆ ಯಾವುದು ಉಳಿಯಬೇಕು ಅಂತ ತೀರ್ಮಾನಿಸು. ಮೇಷ್ಟ್ರಿಗೇ ಕಳಿಸಿ ಒಪ್ಪಿಗೆ ತಗೋ. ಲೇಖಕರು ಹೆಚ್ಚು ಸಲ ಬಳಸಿದ ರೂಪ ತಪ್ಪಲ್ಲದಿದ್ದರೆ ಅದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಅದು ಅವರ ಪುಸ್ತಕ.

ಆಮೇಲೆ ಬದಲಿಸುವ ಕೆಲಸ. ಇಲ್ಲಿ ಹುಷಾರಾಗಿರು. ಮೇಷ್ಟ್ರು ಎತ್ತಿ ಕೊಟ್ಟ ಹಳೆಯ ಕಾಗದಗಳನ್ನು ಬಿಟ್ಟು ಉಳಿದ ಕಡೆ ವೀರಾಜಪೇಟೆಯನ್ನು ಒಟ್ಟಿಗೆ ವಿರಾಜಪೇಟೆ ಮಾಡಿದರೆ ಏನೂ ಕೆಡುವುದಿಲ್ಲ, ಯಾಕೆಂದರೆ ಪದದ ಕೊನೆ ಬದಲಾಗಿಲ್ಲ. ಆದರೆ ಕಾಲೇಜ್ ಅನ್ನುವುದನ್ನೆಲ್ಲ ಕಾಲೇಜು ಅಂತ ಒಟ್ಟಿಗೆ ಬದಲಿಸಿ ನೋಡು. ‘ಕಾಲೇಜ್‌ನಲ್ಲಿ’ ಇದ್ದದ್ದು ‘ಕಾಲೇಜುನಲ್ಲಿ’ ಆಗುತ್ತದೆ. ಬೇಕಾಗಿದ್ದು ‘ಕಾಲೇಜಿನಲ್ಲಿ’. ವಿಭಕ್ತಿ ಹತ್ತುವ ಕಡೆ ಕೊನೆಯ ಅಕ್ಷರ ಬದಲಾಗುವ ಪದ ಯಾವುದೇ ಇರಲಿ, ಒಂದೊಂದಾಗಿ ನೋಡಿಯೇ ಬದಲಿಸಬೇಕು. ಐನ್‌ಮನೆಯದು ಬೇರೆ ಕಥೆ. ನಕಾರ ಮತ್ತು ಮಕಾರದ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಕೂತಿರುತ್ತದೆ, ಒತ್ತಾಗದ ಹಾಗೆ ತಡೆಯುವುದು ಅದೇ. ಒಂದು ರೂಪ ಕೊಟ್ಟು ಹುಡುಕಿದರೆ ಇನ್ನೊಂದು ತಪ್ಪಿಸಿಕೊಳ್ಳಬಹುದು. ಸುಮ್ನೆ ‘ಐನ್’ ಅಂತಷ್ಟೇ ಹುಡುಕು, ಮೂರೂ ಸಿಗುತ್ತವೆ.

ಈ ಫೈಲು ನುಡಿಯಿಂದ ಯೂನಿಕೋಡಿಗೆ ಬಂದದ್ದು ಅಂತ ಕಾಣುತ್ತದೆ. ಕೆಲವು ಕಡೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿದೆ. ಅನುಸ್ವಾರ ಇರಬೇಕಾದಲ್ಲಿ ಕನ್ನಡ ಅಂಕಿಯ ೦ ಕೂತಿದೆ, ವಿಸರ್ಗದ ಜಾಗದಲ್ಲಿ ಕೋಲನ್ ಇದೆ. ‘ದು:ಖ’ ಮತ್ತು ‘ದುಃಖ’ ಹತ್ತಿರ ಹಿಡಿದು ನೋಡಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಪುಸ್ತಕದಲ್ಲಿ ಇಸವಿಗಳೆಲ್ಲ 1834, 1956 ಅಂತ ಇರುವುದರಿಂದ ನಿನಗೆ ಒಂದು ಅನುಕೂಲ. ೦ ಅಂತ ಹುಡುಕಿದಾಗ ಸಿಕ್ಕಿದ್ದೆಲ್ಲ ತಪ್ಪೇ. ಈ ಸ್ವಚ್ಛತೆ ಮೊದಲು ಮುಗಿಸು. ಇಲ್ಲದಿದ್ದರೆ ಆಮೇಲೆ ಯಾವ ಪದ ಹುಡುಕಿದರೂ ಪೂರ್ತಿ ಸಿಕ್ಕಿತೋ ಇಲ್ಲವೋ ಅನ್ನುವ ಅನುಮಾನ ಉಳಿಯುತ್ತದೆ.

ಹುತ್ತರಿ, ಪುತ್ತರಿ ಎರಡೂ ಬಂದಿವೆ, ಒಂದೇ ಮಾಡಲಾ ಅಂತ ಕೇಳಿದ್ದೀಯ. ಮೇಷ್ಟ್ರು ತಾವೇ ಹೇಳುವ ಕಡೆ ಹುತ್ತರಿ ಇರಲಿ. ಅವರ ಗೆಳೆಯರು ಕೊಡವ ಭಾಷೆಯಲ್ಲಿ ಮಾತಾಡುವ ಕಡೆ, ಹಾಡಿನ ಸಾಲು ಬಂದ ಕಡೆ ಪುತ್ತರಿಯೇ ಇರಬೇಕು. ಹಳೆಯ ಕಾಗದಗಳನ್ನು ಎತ್ತಿ ಕೊಟ್ಟಿದ್ದಾರಲ್ಲ, ಅವುಗಳ ಒಳಗೆ ಕೈ ಹಾಕಲೇಬೇಡ. ಅಲ್ಲಿ ವೀರಾಜಪೇಟೆ ಇದ್ದರೆ ಹಾಗೇ ಬಿಡು. ಜನರ ಹೆಸರೂ ಅಷ್ಟೇ. ಮನೆತನದ ಹೆಸರು ಮೊದಲು ಬರುವುದನ್ನು ಹಿಂದೆ ಮುಂದೆ ಮಾಡಬೇಡ. ಕಾರ್ಯಪ್ಪ, ಕಾರಿಯಪ್ಪ ಅಂತ ಎರಡು ಥರ ಕಂಡರೆ ಇಬ್ಬರು ಬೇರೆ ಬೇರೆ ಮನುಷ್ಯರೂ ಇರಬಹುದು. ಪಟ್ಟಿ ಮಾಡಿ ಮೇಷ್ಟ್ರನ್ನು ಕೇಳು.

ದಿನ ಹೇಳುವಾಗ ನಮ್ಮ ಮಳೆಗಾಲ ನೆನಪಿಟ್ಟುಕೊ. ಜುಲೈಯಲ್ಲಿ ಊರಿಗೆ ಬಂದು ಕೆಲಸ ಮಾಡುತ್ತೇನೆ ಅಂದರೆ ಕರೆಂಟು ಎರಡು ದಿನ ಇಲ್ಲದಿರುವುದೂ ಉಂಟು. 43 ಗಂಟೆ ಕೆಲಸವನ್ನು ದಿನಕ್ಕೆ ಮೂರು ಗಂಟೆಯಂತೆ ಹಿಡಿದರೆ 15 ದಿನ. ನೀನು 25 ದಿನ ಕೇಳು. ದಿನಕ್ಕೆ ಮೂರಕ್ಕಿಂತ ಹೆಚ್ಚು ಗಂಟೆ ಓದಬೇಡ, ಆಮೇಲೆ ಕಣ್ಣು ಅಕ್ಷರ ಬಿಟ್ಟು ಅರ್ಥ ಓದಲು ಶುರು ಮಾಡುತ್ತದೆ.

ಇನ್ನು ದುಡ್ಡು. ಮೂರನೇ ಒಂದು ಭಾಗ ಮೊದಲೇ ತಗೋ. ಉಳಿದದ್ದು ತಿದ್ದಿದ ಫೈಲ್ ಕೊಟ್ಟ ದಿನ. ಪುಸ್ತಕ ಅಚ್ಚಾದ ಮೇಲೆ ಕೊಡುತ್ತೇವೆ ಅಂದರೆ ಬೇಡ ಅನ್ನು. ಅಚ್ಚು ಯಾವಾಗ ಆಗುತ್ತದೆ ಅನ್ನುವುದು ನಿನ್ನ ಕೈಯಲ್ಲಿಲ್ಲ, ಮೇಷ್ಟ್ರ ಕೈಯಲ್ಲೂ ಇಲ್ಲ. ಪುಟ ವಿನ್ಯಾಸ ಆದ ಮೇಲೆ ಬರುವ ಪ್ರೂಫ್ ಒಂದು ಸಲ ನೋಡಿಕೊಡುವುದು ಈ 5,160ರಲ್ಲೇ ಸೇರಿದೆ, ಎರಡನೇ ಸಲಕ್ಕೆ ಬೇರೆ ಅಂತ ಬರೆದು ಕಳಿಸು. ಪ್ರೂಫ್ ನೋಡುವಾಗ ಎಲ್ಲವನ್ನೂ ಮತ್ತೆ ಓದಬೇಕಾಗಿಲ್ಲ. ಸಾಲಿನ ಕೊನೆಯಲ್ಲಿ ಪದ ಎಲ್ಲಿ ಮುರಿದಿದೆ, ಅಧ್ಯಾಯದ ಹೆಸರು ಪರಿವಿಡಿಯಲ್ಲಿ ಹಾಗೇ ಇದೆಯಾ, ಪುಟ ಸಂಖ್ಯೆ ತಾಳೆಯಾಗುತ್ತದಾ, ಇಷ್ಟು ನೋಡಿದರೆ ಸಾಕು.

ನಾಳೆ ಐದು ಪುಟ ತಿದ್ದಿ ಕಳಿಸು. ನಾನೂ ಅದೇ ಐದು ಪುಟ ಬೇರೆಯಾಗಿ ತಿದ್ದಿಟ್ಟಿರುತ್ತೇನೆ.

ನಿನ್ನ
ಅಮ್ಮ