ತೊಟ್ಟಿಲು ಕಾರ್ಯಕ್ಕೆ ಬರುವವರಿಗೆ ಒಂದು ಸೂಚನೆ

ಎಲ್ಲರಿಗೂ ಶರಣು ಶರಣಾರ್ಥಿ.

ಭಾನುವಾರ ಬೆಳಿಗ್ಗೆ 11 ಗಂಟೆಗೆ ಕಲಬುರಗಿಯ ನಮ್ಮ ಮನೆಯಲ್ಲಿ ಮಗಳ ಕೂಸಿನ ತೊಟ್ಟಿಲು ಕಾರ್ಯವಿದೆ. ದಯವಿಟ್ಟು ಬಾಣಂತಿಯ ಹೊಟ್ಟೆಯ ಬಗ್ಗೆ ಯಾರೂ ಮಾತಾಡಬಾರದು. ಕಳೆದ ವಾರ ಒಬ್ಬರು ನಗುತ್ತಲೇ, “ಇನ್ನೊಂದು ಕೂಸು ಒಳಗೇ ಉಳದದೇನು?” ಎಂದರು; ಆ ರಾತ್ರಿ ಅವಳು ಊಟ ಬಿಟ್ಟು, ಹಾಲೂಡಿಸುವವಳೆಂಬುದನ್ನೂ ಮರೆತು ಅಳುತ್ತ ಕುಳಿತಳು.

ಹೆರಿಗೆಯಾದೊಡನೆ ಗರ್ಭಕೋಶದ ಮೇಲ್ತುದಿ ಸುಮಾರು ಹೊಕ್ಕುಳದ ಮಟ್ಟದಲ್ಲಿರುತ್ತದೆ. ಅದು ಮೊದಲಿನ ಗಾತ್ರಕ್ಕೆ ಬರಲು ಸುಮಾರು 6 ವಾರ ಬೇಕು, ಹಿಗ್ಗಿದ ಸ್ನಾಯು ಬಿಗಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ಅವಳಿಗಿನ್ನೂ ಮೂರೇ ವಾರ.

ಯಾರಾದರೂ ಕೆಣಕಿದರೆ, “ಇನ್ನೂ ಆರು ವಾರ ಆಗಿಲ್ಲ, ಕೂಸನ್ನು ನೋಡಿರಿ” ಎಂದಷ್ಟೇ ಹೇಳಲು ಅವಳು ನಿರ್ಧರಿಸಿದ್ದಾಳೆ. ಮುಂದಿನ ಮಾತು ನನ್ನದು. ಗುಂಪಿನ ಬೇರೆ ಬಾಣಂತಿಯರಿಗೂ ಇದೇ ಉತ್ತರ ಸಾಕು. ಆದರೆ ಅಳು, ನಿದ್ರೆಗೇಡು ಎರಡು ವಾರ ಮೀರಿದರೆ ವೈದ್ಯರನ್ನು ಕಾಣಿರಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿರಿ.

ಓದಿದವರು ಶುಕ್ರವಾರದೊಳಗೆ “ಆಯಿತು” ಎಂದು ತಿಳಿಸಿರಿ.