ಈ ಹೊಟ್ಟೆನೋವು ನಾಟಕವಲ್ಲ

ಮಾನ್ಯ ಸಂಪಾದಕರೇ,

ಬದಿಯಡ್ಕ ಕಡೆಯ ಕನ್ನಡ ಮಾಧ್ಯಮದ ಐದನೇ ಕ್ಲಾಸಿನ ಹುಡುಗಿಗೆ ತಿಂಗಳುಗಟ್ಟಲೆ ಹೊಕ್ಕುಳ ಸುತ್ತ ನೋವು. ಶಾಲೆಯ ದಿನ ಬೆಳಿಗ್ಗೆ ಬರುತ್ತದೆ, ರಜೆಯಲ್ಲಿ ಇಲ್ಲ. ರಕ್ತ, ಮೂತ್ರ, ಮಲ ಪರೀಕ್ಷೆಯಲ್ಲಿ ಸೋಂಕು ಕಾಣಲಿಲ್ಲ. ಶುರುವಾದದ್ದು ಗಣಿತಕ್ಕೆ ಕನ್ನಡ ಬಾರದ ಟೀಚರ್ ಬಂದ ಮೇಲೆ. ‘ಸುಮ್ನೆ ನಾಟಕ’ ಎಂದರು ಮನೆಯವರು. ಅಲ್ಲ, ನೋವು ನಿಜ. ಒತ್ತಡ ಹೆಚ್ಚಾದಾಗ ಕರುಳಿನ ನರಗಳು ಸೂಕ್ಷ್ಮವಾಗುತ್ತವೆ. ಗ್ಯಾಸ್, ಕರುಳಿನ ಮಾಮೂಲಿ ಚಲನೆ ಕೂಡ ಮಿದುಳಿಗೆ ನೋವಾಗಿ ತಲುಪುತ್ತದೆ. ‘ನೋವಿದೆಯಾ?’ ಎಂದು ಪದೇ ಪದೇ ಕೇಳಿದರೆ, ಶಾಲೆ ತಪ್ಪಿಸಿದರೆ ಇನ್ನೂ ಜಾಸ್ತಿಯಾಗುತ್ತದೆ.

ಆದರೆ ತೂಕ ಇಳಿದರೆ, ಜ್ವರ ಬಂದರೆ, ಪದೇ ಪದೇ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ನೋವು ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ ಬೇರೆ ಕಾಯಿಲೆ ಇರಬಹುದು. ತಡಮಾಡದೆ ಡಾಕ್ಟರಿಗೆ ತೋರಿಸಬೇಕು.

ಈ ಹುಡುಗಿಗೆ ಇನ್ನೊಂದು ಸ್ಕ್ಯಾನ್ ಬೇಡ. ಗಣಿತಕ್ಕೆ ಕನ್ನಡ ಬಲ್ಲ ಟೀಚರ್ ಕೊಡಿ.

– ಒಬ್ಬ ಶಿಕ್ಷಕಿ, ಕಾಸರಗೋಡು