ಅಮ್ಮನ ನಂಬರ್ ಕಟ್ ಮಾಡ್ತೀವಿ ಅಂತ ಹೆದರಿಸುವ ಮೊದಲು ಕೆವೈಸಿ ಮುಗಿಸಿಕೊಡಿ

ಗ್ರಾಹಕ ಸೇವೆಯವರಿಗೆ ನಮಸ್ಕಾರ,

ನಮ್ಮ ಅಮ್ಮನ ಫೋನಿಗೆ ನಿಮ್ಮಿಂದ ಮೆಸೇಜ್ ಬಂದಿದೆ. ಗುರುತಿನ ಮರುಪರಿಶೀಲನೆ ಬಾಕಿ ಇದೆ, ಮಾಡಿಸದಿದ್ದರೆ ಸಂಪರ್ಕ ಕಡಿತ ಅಂತ. ಅದೂ ಇಂಗ್ಲಿಷಿನಲ್ಲಿ. ಊರಲ್ಲಿರುವ ಅಮ್ಮ ಅದನ್ನು ಓದಿಸಲು ಪಕ್ಕದ ಮನೆಗೆ ಹೋಗಬೇಕಾಯಿತು.

ಮೊದಲು ಇದು ಮೋಸ ಅಂದುಕೊಂಡೆ. ಟ್ರಾಯ್‌ನವರು ಅಂತ ಹೇಳಿಕೊಂಡು ಸಿಮ್ ಬಂದ್ ಮಾಡ್ತೀವಿ ಅನ್ನೋ ಕರೆಗಳು ಈಗ ಜಾಸ್ತಿ ಅಲ್ವಾ. ಆದರೆ ಮೆಸೇಜು ಹತ್ತಂಕಿ ನಂಬರಿಂದ ಬಂದಿರಲಿಲ್ಲ, ನಿಮ್ಮ ಕಂಪನಿಯ ಹೆಡರಿಂದಲೇ ಬಂದಿತ್ತು, ಅದರ ಕೊನೆಗೆ ಸೇವಾ ಸಂದೇಶ ಅಂತ ತೋರಿಸುವ -S ಇತ್ತು, ಯಾವ ಲಿಂಕೂ ಇರಲಿಲ್ಲ. ಆಮೇಲೆ ನಿಮ್ಮ ಕಾಲ್ ಸೆಂಟರ್‌ಗೆ ನಾನೇ ಫೋನ್ ಮಾಡಿದಾಗ ನಿಜ ಅಂದರು.

ಯಾಕೆ ಬಾಕಿ ಅಂತ ಮಾತ್ರ ಯಾರೂ ಹೇಳುತ್ತಿಲ್ಲ. sancharsaathi.gov.in ನಲ್ಲಿ ಅಮ್ಮನ ನಂಬರ್ ಹಾಕಿ, ಒಟಿಪಿ ಕೊಟ್ಟು ನೋಡಿದೆ. ಅವರ ಹೆಸರಲ್ಲಿ ಇರುವುದು ಇದೊಂದೇ ಸಂಪರ್ಕ. ಒಬ್ಬರಿಗೆ 9 ಸಂಪರ್ಕದ ಮಿತಿ ಇದೆಯಲ್ಲ, ಆ ತಕರಾರು ಇಲ್ಲಿ ಬರುವುದೇ ಇಲ್ಲ. ಆ ಪಟ್ಟಿಯಲ್ಲಿ ನನಗೆ ಕಂಡದ್ದು ನಂಬರ್ ಮಾತ್ರ, ನಿಮ್ಮಲ್ಲಿ ಏನು ಬಾಕಿ ಅನ್ನೋದಲ್ಲ. ಅದನ್ನು ಹೇಳಬೇಕಾದವರು ನೀವೇ.

ಸರಿ, ಮುಗಿಸಿಬಿಡೋಣ ಅಂತ ತಾಲ್ಲೂಕಿನ ನಿಮ್ಮ ಅಂಗಡಿಗೆ ಕರೆದುಕೊಂಡು ಹೋದೆ. ಹುಡುಗ ಆಧಾರ್ ನಂಬರ್ ಹೊಡೆದು, ಬೆರಳಿಡಿ ಅಂದ. ಅಡಿಕೆ ಸುಲಿದು ಸುಲಿದು ಅಮ್ಮನ ಬೆರಳ ತುದಿಯಲ್ಲಿ ಗೆರೆಯೇ ಉಳಿದಿಲ್ಲ. ಹೆಬ್ಬೆರಳು, ತೋರುಬೆರಳು, ಒರೆಸಿ, ಒದ್ದೆ ಮಾಡಿ, ಎಲ್ಲಾ ಆಯಿತು. ಯಂತ್ರದಲ್ಲಿ ಕೆಂಪು ದೀಪವೇ. ಕೊನೆಗೆ ಆತ "ಆಧಾರ್ ಅಪ್‌ಡೇಟ್ ಮಾಡಿಸ್ಕೊಂಡು ಬನ್ನಿ" ಅಂತ ಕಳಿಸಿಬಿಟ್ಟ.

ಬೆರಳು ಹೊಂದದಿದ್ದರೆ ಬೇರೆ ದಾರಿ ಇಲ್ವಾ? ಇದೆ. ಡಿಜಿಟಲ್ ಕೆವೈಸಿಯಲ್ಲಿ ಮೂಲ ಗುರುತಿನ ಚೀಟಿಯ ಫೋಟೋ, ಗ್ರಾಹಕರ ಫೋಟೋ ಅಲ್ಲೇ ನಿಮ್ಮ ಆ್ಯಪ್‌ನಲ್ಲಿ ತೆಗೆದರೆ ಆಗುತ್ತದೆ. ಮತದಾರರ ಚೀಟಿ ಅಮ್ಮನ ಚೀಲದಲ್ಲೇ ಇತ್ತು, ತೋರಿಸಿದರೂ ಆತ ಬೇಡ ಅಂದ. ಸಿಮ್‌ಗೆ ಆಧಾರ್ ಕಡ್ಡಾಯವಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ, ನಿಮ್ಮ ಅಂಗಡಿಗೆ ಇನ್ನೂ ಸುದ್ದಿ ತಲುಪಿಲ್ಲ ಅನಿಸುತ್ತೆ.

ಈ ನಂಬರಿಗೇ ಬ್ಯಾಂಕು, ಗ್ಯಾಸು ಎಲ್ಲಾ ಜೋಡಿಸಿದೆ. ಇದು ಸತ್ತರೆ ಒಟಿಪಿ ಬರುವ ದಾರಿಯೇ ಮುಚ್ಚುತ್ತೆ.

ಆದ್ದರಿಂದ ಬಾಕಿ ಏನು, ಯಾವ ಕಾರಣಕ್ಕೆ, ಕೊನೆಯ ದಿನ ಯಾವುದು ಅಂತ ಕನ್ನಡದಲ್ಲಿ ಬರೆದು ತಿಳಿಸಿ. ಮತದಾರರ ಚೀಟಿ ತೆಗೆದುಕೊಂಡು ಕೆವೈಸಿ ಮಾಡಿ ಅಂತ ಆ ಅಂಗಡಿಗೆ ಹೇಳಿ. ಮುಗಿದ ಮೇಲೆ "ಪೂರ್ಣ" ಅಂತ ಒಂದು ಮೆಸೇಜು ಬರಲಿ, ಸುಮ್ನೆ ಬಾಯಿಮಾತು ಬೇಡ. ಅಲ್ಲಿವರೆಗೆ ಹೊರಕರೆಯನ್ನೂ ನಿಲ್ಲಿಸಬೇಡಿ.

ಈ ದೂರಿಗೆ ಡಾಕೆಟ್ ನಂಬರ್ ಕಳಿಸಿ. ಇದು ಬಗೆಹರಿಯದಿದ್ದರೆ ಅದೇ ನಂಬರ್ ಹಾಕಿ ನಿಮ್ಮ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯುತ್ತೇನೆ.

ಇಂತಿ,
ನಿಮ್ಮ ಗ್ರಾಹಕರ ಮಗ